ಮೀಟಿಂಗ್‌ನಲ್ಲಿ ಗೆಳತಿ ಸುಮ್ಮನಿದ್ದಳು: ಆ ನೋವನ್ನು ಹೇಳುವುದು ಹೇಗೆ?

ಒಂದು ಹೈಸ್ಕೂಲಿನ ಸ್ಟಾಫ್ ಮೀಟಿಂಗ್ ಎಂದಿಟ್ಟುಕೊಳ್ಳಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ಫಲಿತಾಂಶ ಕುಸಿದಿದೆ. ‘ವಿಶೇಷ ತರಗತಿ ನೆಟ್ಟಗೆ ನಡೆಸಿಲ್ಲ’ ಎಂದು ಹೊಸದಾಗಿ ಬಂದ ಮುಖ್ಯೋಪಾಧ್ಯಾಯರು ಗಣಿತದ ಶಿಕ್ಷಕಿಯನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾರೆ. ತರಗತಿ ತಪ್ಪಿದ್ದು ಎರಡು ವಾರ ಸಮೀಕ್ಷೆ ಕೆಲಸಕ್ಕೆ ಹಾಕಿದ್ದರಿಂದ. ಜೊತೆಯಲ್ಲೇ ಮನೆಮನೆ ಸುತ್ತಿದ್ದ ವಿಜ್ಞಾನದ ಶಿಕ್ಷಕಿ, ಆಕೆಯ ಆಪ್ತ ಗೆಳತಿ, ಪಕ್ಕದ ಕುರ್ಚಿಯಲ್ಲಿ ಡೈರಿ ತಿರುವುತ್ತಾ ಕೂತಿದ್ದಾಳೆ.

ಆ ಗಣಿತದ ಶಿಕ್ಷಕಿ ನೀವಾಗಿದ್ದರೆ, ಅವತ್ತೇ ಗೆಳತಿಗೆ ವಾಟ್ಸಾಪ್‌ನಲ್ಲಿ ಏನೂ ಬರೆಯಬೇಡಿ. ಅವಮಾನ ಬಿಸಿಯಿರುವಾಗ ಬರೆದದ್ದು ಮೇಲಿನವರ ಮೇಲಿನ ಸಿಟ್ಟನ್ನೂ ಗೆಳತಿಯ ತಲೆಗೇ ಕಟ್ಟುತ್ತದೆ. ಹಾಗಂತ ತಿಂಗಳುಗಟ್ಟಲೆ ಮುಂದೂಡಿದರೆ ಆಕೆಗೆ ಘಟನೆಯೇ ಮಸುಕಾಗಿರುತ್ತದೆ. ಎರಡು ಮೂರು ದಿನದೊಳಗೆ ಮಾತಾಡುವುದು ಒಳ್ಳೆಯದು.

ಮಾತಿಗೆ ಮುಂಚೆ, ಕಣ್ಣಾರೆ ಕಂಡದ್ದನ್ನೂ ಊಹೆಯನ್ನೂ ಬೇರೆ ಮಾಡಿಕೊಳ್ಳಿ. ‘ಅವಳು ಮಾತಾಡಲಿಲ್ಲ’ ಕಂಡದ್ದು. ‘ಒಳ್ಳೆಯವಳಾಗಲು ನನ್ನನ್ನು ಬಿಟ್ಟುಕೊಟ್ಟಳು’ ಊಹೆ. ಊಹೆಯಿಂದ ಶುರುಮಾಡಿದರೆ ಆಕೆ ಅದನ್ನು ಅಲ್ಲಗಳೆಯುವುದರಲ್ಲೇ ಹೊತ್ತು ಹೋಗುತ್ತದೆ, ನಿಮ್ಮ ನೋವು ಬದಿಗೆ ಸರಿಯುತ್ತದೆ.

ಸ್ಟಾಫ್ ರೂಮ್ ಬೇಡ, ಅಲ್ಲಿ ಕಿವಿಗಳು ಬಹಳ. ‘ಮೊನ್ನೆ ಮೀಟಿಂಗ್ ವಿಷಯ ಮಾತಾಡ್ಬೇಕಿತ್ತು, ಸಂಜೆ ಬಸ್‌ಸ್ಟಾಪ್‌ವರೆಗೆ ನಡ್ಕೊಂಡು ಹೋಗೋಣ್ವಾ?’ ಎಂದು ಮೊದಲೇ ಕೇಳಿಡಿ. ಆಮೇಲೆ ಸುತ್ತಿ ಬಳಸದೆ ಹೇಳಿ: ‘ಕ್ಲಾಸ್ ಯಾಕೆ ತಪ್ಪಿತು ಅಂತ ನಿಂಗೆ ಗೊತ್ತಿತ್ತು ಕಣೇ. ಸರ್ ಬೈದದ್ದಕ್ಕಿಂತ ನೀನು ಒಂದು ಮಾತೂ ಆಡದೆ ಕೂತಿದ್ದು ನಂಗೆ ಜಾಸ್ತಿ ನೋವಾಯ್ತು.’ ಇಷ್ಟು ಹೇಳಿ ನಿಲ್ಲಿಸಿ. ‘ನಾನಾಗಿದ್ರೆ ಎದ್ದು ನಿಲ್ತಿದ್ದೆ’, ‘ನೀನು ಯಾವಾಗ್ಲೂ ಹೀಗೇ’ ಎಂಬ ಮಾತುಗಳು ನಾಲಿಗೆ ತುದಿಗೆ ಬಂದೇ ಬರುತ್ತವೆ. ನುಂಗಿಕೊಳ್ಳಿ. ಅವು ಬಂದರೆ ಮಾತು ಆಕೆಯ ಸ್ವಭಾವದ ವಿಚಾರಣೆಯಾಗುತ್ತದೆ.

ಈಗ ಆಕೆಯ ಸರದಿ. ಪ್ರೊಬೇಷನ್ ಇನ್ನೂ ಮುಗಿದಿಲ್ಲವೆಂಬ ಭಯ ಇರಬಹುದು. ನಡುವೆ ಬಾಯಿ ಹಾಕಿದರೆ ಬೈಗುಳ ಇನ್ನೂ ಬೆಳೆಯುತ್ತದೆ ಎನಿಸಿರಬಹುದು. ಎರಡೂ ನಿಜವಾದ ಕಾರಣಗಳೇ. ಆಕೆ ಆ ಗಳಿಗೆಯ ಬಗ್ಗೆಯೇ ಮಾತಾಡುತ್ತಿದ್ದರೆ ನಿಮ್ಮ ಮಾತು ತಲುಪಿದೆ ಎಂದರ್ಥ. ‘ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋತಾರಾ’ ಎಂದರೆ ತಲುಪಿಲ್ಲ. ಆಗ ವಾದ ಬೆಳೆಸದೆ, ‘ನಂಗೆ ನೋವಾಗಿದ್ದು ನಿಜ, ಯೋಚ್ನೆ ಮಾಡು’ ಎಂದು ಅಲ್ಲಿಗೇ ಬಿಡಿ.

ಕೊನೆಗೆ ಒಂದೇ ಕೋರಿಕೆ ಇಡಿ, ಅದೂ ಆಕೆಯ ಕೈಲಾಗುವಂಥದ್ದು. ನನ್ನ ಪರ ವಾದಿಸು ಎನ್ನುವುದು ದೊಡ್ಡ ಭಾರ. ‘ನಾವಿಬ್ಬರೂ ಸಮೀಕ್ಷೆಗೆ ಹೋಗಿದ್ವಿ ಸರ್’ ಎಂದು ಕಂಡದ್ದನ್ನು ಹೇಳು ಎನ್ನುವುದು ಹಗುರ. ಸಭೆಯಲ್ಲಿ ಬಾಯಿ ಬಾರದಿದ್ದರೆ, ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಕೋಣೆಗೆ ಜೊತೆಗೆ ಬಂದರೂ ಸಾಕು. ಸಮೀಕ್ಷೆಯ ಆದೇಶದ ಪ್ರತಿ ಮಾತ್ರ ಮುಂದಿನ ಮೀಟಿಂಗ್‌ಗೆ ನಿಮ್ಮ ಫೈಲಿನಲ್ಲೇ ಇರಲಿ. ಅದನ್ನು ತೋರಿಸುವ ಕೆಲಸ ಗೆಳತಿಯದಲ್ಲ.