‘ಖಾತೆ ಸ್ಥಗಿತ’ ಸಂದೇಶದ ಸತ್ಯಾಸತ್ಯತೆಯನ್ನು ಪರಿಶೀಲಿಸುವ ಕ್ರಮ

ಉದ್ಯೋಗ ಖಾತರಿ ಕೂಲಿ, ಗೃಹಲಕ್ಷ್ಮಿ ಹಣ ಹಾಗೂ ಪಿಂಚಣಿ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ, ಖಾತೆ ಸ್ಥಗಿತಗೊಳ್ಳುವುದೆಂಬ ಸಂದೇಶ ಬಂದೊಡನೆ ಗ್ರಾಮಸ್ಥರು ಗಾಬರಿಗೊಂಡು ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ ಬರುವುದು ಸಹಜ. ದೇವದುರ್ಗ ಅಥವಾ ಮಾನ್ವಿ ತಾಲ್ಲೂಕಿನ ಫಲಾನುಭವಿಯೊಬ್ಬರಿಗೆ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಯೊಂದರಿಂದ ಈ ಕೆಳಗಿನ ಸಂದೇಶ ಬಂದಿದೆ ಎಂದು ಉದಾಹರಣೆಗಾಗಿ ಭಾವಿಸಬಹುದು.

“ಪ್ರಿಯ ಎಸ್‌ಬಿಐ ಗ್ರಾಹಕರೇ, ತಮ್ಮ ಕೆವೈಸಿ ಅವಧಿ ಮುಗಿದಿದೆ. ಇಂದು ರಾತ್ರಿ ಖಾತೆ ಸ್ಥಗಿತಗೊಳ್ಳಲಿದೆ. ಕೂಡಲೇ ನವೀಕರಿಸಿ: sbi.bank.in.kyc-seva99.xyz/login”

1. ಕಳುಹಿಸಿದವರು: ಬ್ಯಾಂಕಿನ ಸಂದೇಶವು ಮೊಬೈಲ್ ಸಂಖ್ಯೆಯಿಂದಲ್ಲ, ನೋಂದಾಯಿತ ಅಕ್ಷರನಾಮದಿಂದ ಬರುತ್ತದೆ. 2025ರ ಮೇ ತಿಂಗಳಿನಿಂದ ಅದರ ಕೊನೆಯಲ್ಲಿ ಸೇವಾ ಸಂದೇಶಕ್ಕೆ -S, ವ್ಯವಹಾರ ಸಂದೇಶಕ್ಕೆ -T ಎಂಬ ಗುರುತಿರುತ್ತದೆ. ಆದರೆ ಅಕ್ಷರನಾಮವನ್ನೂ ನಕಲು ಮಾಡಬಹುದಾದ್ದರಿಂದ ಈ ಒಂದು ಗುರುತನ್ನೇ ನಂಬಿ ತೀರ್ಮಾನಿಸತಕ್ಕದ್ದಲ್ಲ.

2. ಗಡುವು: ಕೆವೈಸಿ ನವೀಕರಣವು ನಿಜವಾಗಿಯೂ ಇರುವ ನಿಯಮವೇ ಆಗಿದೆ, ಮೋಸಗಾರರಿಗೆ ಅನುಕೂಲವಾಗಿರುವುದೂ ಇದೇ. ಆದರೆ ರಿಸರ್ವ್ ಬ್ಯಾಂಕಿನ 2025ರ ಜೂನ್ ತಿದ್ದುಪಡಿಯಂತೆ, ಅವಧಿ ಮುಗಿಯುವ ಮುನ್ನ ಬ್ಯಾಂಕು ಕನಿಷ್ಠ ಮೂರು ಬಾರಿ ತಿಳಿಸಬೇಕು. ಅದರಲ್ಲಿ ಒಂದಾದರೂ ಪತ್ರದ ಮೂಲಕ ಇರಬೇಕು. ಯಾವುದೇ ಪತ್ರ ಬಾರದೆ, ‘ಇಂದು ರಾತ್ರಿ’ ಎಂಬ ಗಡುವು ಮಾತ್ರ ಬಂದಿದ್ದರೆ ಅದು ಸಂಶಯಾಸ್ಪದ.

3. ಕೊಂಡಿ: ವಿಳಾಸದಲ್ಲಿ ಮೊದಲು ಬರುವ ಒಂಟಿ ಓರೆಗೆರೆಯನ್ನು ಗುರುತಿಸಿ, ಅದರ ಎಡಭಾಗದ ಕೊನೆಯ ಪದಗಳನ್ನು ಓದಬೇಕು. https:// ಎಂಬಲ್ಲಿನ ಜೋಡಿ ಗೆರೆಯನ್ನು ಲೆಕ್ಕಿಸಬಾರದು. ಮೇಲಿನ ವಿಳಾಸವು kyc-seva99.xyz ಎಂದು ಕೊನೆಗೊಳ್ಳುತ್ತದೆ. ಅದೇ ನಿಜವಾದ ತಾಣ. ಆರಂಭದ sbi.bank.in ಕೇವಲ ಮರೆಮಾಚುವ ಮುಖವಾಡ. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ .bank.in ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆದುದರಿಂದ ವಿಳಾಸದ ಆ ಭಾಗವು .bank.in ಎಂದೇ ಕೊನೆಗೊಳ್ಳಬೇಕು. ಕೊಂಡಿಯ ಬದಲು .apk ಕಡತ ಬಂದಿದ್ದರೆ ಅದನ್ನು ತೆರೆಯಲೇಬಾರದು. ಒಮ್ಮೆ ಅಳವಟ್ಟರೆ ಅದು ಒಟಿಪಿ ಸಂದೇಶಗಳನ್ನು ಓದಬಲ್ಲದು.

ಮುಂದಿನ ಕ್ರಮ: ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ಪಾಸ್‌ಪುಸ್ತಕದೊಂದಿಗೆ ಶಾಖೆಗೆ ತೆರಳಿ ವಿಚಾರಿಸುವುದು. ಮೇಲಿನ ತಿದ್ದುಪಡಿಯಂತೆ ಬ್ಯಾಂಕ್ ಮಿತ್ರರ ಮೂಲಕವೂ ಕೆವೈಸಿ ನವೀಕರಣಕ್ಕೆ ಅವಕಾಶವಿದೆ.

ಈಗಾಗಲೇ ಒಟಿಪಿ ನೀಡಿದ್ದಲ್ಲಿ, ತಕ್ಷಣ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ತಡೆಹಿಡಿಸಬೇಕು. ಬಳಿಕ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಯುವ ಸಾಧ್ಯತೆ ಹೆಚ್ಚು. ಗ್ರಾಹಕರೇ ಗುಪ್ತ ಮಾಹಿತಿ ನೀಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ; ತಿಳಿಸಿದ ನಂತರದ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಿಳಿಸಿತ್ತು. ಆದುದರಿಂದ ದೂರಿನ ಸಂಖ್ಯೆ ಹಾಗೂ ಸಮಯವನ್ನು ಬರೆದಿಟ್ಟುಕೊಂಡು, ಸಂದೇಶವನ್ನು ಅಳಿಸದೆ, ರಾಯಚೂರು ನಗರದ ಸಿಇಎನ್ ಪೊಲೀಸ್ ಠಾಣೆಗೆ ಅಥವಾ ಸಮೀಪದ ಠಾಣೆಗೆ ಹಾಜರುಪಡಿಸುವುದು.