ತೂತು ಕೊರೆದ ಮೇಲೆ ತಗಡಿನ ಕೇಂದ್ರ ಎಲ್ಲಿಗೆ ಹೋಯಿತು?

ಡಿಪ್ಲೊಮಾ ಹುಡುಗರಿಗೆ ಇಂಜಿನಿಯರಿಂಗ್ ಮೆಕ್ಯಾನಿಕ್ಸ್ ಕಲಿಸುವ ನಾನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಒಂದೇ ಸ್ಕೆಚ್ ಬಿಡಿಸುತ್ತೇನೆ. ಎಲ್ಲ ಕಡೆಯೂ ಒಂದೇ ದಪ್ಪದ, ಒಂದೇ ಲೋಹದ ಆಯತಾಕಾರದ ತಗಡು. ಅಗಲ 200, ಎತ್ತರ 120. ಬಲಕ್ಕೆ, ಸ್ವಲ್ಪ ಮೇಲೆ ಒಂದು ವೃತ್ತ. ಅದನ್ನು ತೋರಿಸುವ ಬಾಣದ ತುದಿಯಲ್ಲಿ ø60 ಎಂಬ ಬರಹ. ವೃತ್ತದ ಕೇಂದ್ರದಿಂದ ಬಲ ಅಂಚಿಗೆ 50, ಮೇಲಂಚಿಗೆ 45. ಅಳತೆಗಳೆಲ್ಲ ಮಿಲಿಮೀಟರಿನಲ್ಲಿ. ಪ್ರಶ್ನೆ ಇಷ್ಟೇ: ಉಳಿದ ತಗಡಿನ ದ್ರವ್ಯರಾಶಿ ಕೇಂದ್ರ ಎಲ್ಲಿದೆ? ಸೂತ್ರ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ತರಗತಿಯಲ್ಲಿ ನಾಲ್ಕೈದು ಬಗೆಯ ಉತ್ತರ ಬರುತ್ತವೆ.

1. ಸೂತ್ರಕ್ಕೆ ಕೈ ಹಾಕುವ ಮೊದಲು ಸ್ಕೆಚ್ಚನ್ನು ಓದಿ ಮುಗಿಸಬೇಕು

ಡ್ರಾಯಿಂಗ್ ಬರೆದವನು ಅಳತೆ ಕೊಟ್ಟಿರುವುದು ವರ್ಕ್‌ಶಾಪಿನವನಿಗೆ. ಯಾವ ಅಂಚನ್ನು ಅರ ಹಾಕಿ ನೇರ ಮಾಡಿಕೊಂಡು ಅಲ್ಲಿಂದ ಗುರುತು ಹಾಕಬೇಕೋ, ಆ ಅಂಚಿನಿಂದ ಅಳತೆ ಕೊಟ್ಟಿರುತ್ತಾನೆ. ಲೆಕ್ಕ ಮಾಡುವವನ ಮೂಲಬಿಂದು ಎಲ್ಲಿದೆ ಎಂಬುದು ಅವನ ಚಿಂತೆಯಲ್ಲ. ನಮ್ಮ ಸ್ಕೆಚ್ಚಿನಲ್ಲಿ 50 ಬಲ ಅಂಚಿನಿಂದ, 45 ಮೇಲಂಚಿನಿಂದ. ಹುಡುಗರು ಮಾತ್ರ ಅಭ್ಯಾಸಬಲದಿಂದ ಎಡ ಕೆಳಮೂಲೆಯನ್ನು ಮೂಲಬಿಂದು ಮಾಡಿಕೊಂಡು ತೂತಿನ ಕೇಂದ್ರ (50, 45) ಎಂದು ಬರೆದುಬಿಡುತ್ತಾರೆ. ಬರೆಯಬೇಕಾದದ್ದು 200 − 50 = 150, 120 − 45 = 75. ಆದ್ದರಿಂದ ನನ್ನ ತರಗತಿಯಲ್ಲಿ ಒಂದು ಹಟವಿದೆ: ಸ್ಕೆಚ್ಚಿನ ಪಕ್ಕದಲ್ಲೇ ಮೂಲಬಿಂದುವನ್ನು ಚುಕ್ಕಿಯಿಟ್ಟು ತೋರಿಸಿ, ತೂತಿನ ಕೇಂದ್ರವನ್ನು (150, 75) ಎಂದು ಬರೆದ ಮೇಲೆಯೇ ಮುಂದಿನ ಸಾಲು.

ಇನ್ನು ø. ಅದು ವ್ಯಾಸ. ತ್ರಿಜ್ಯ ಕೊಡುವುದಾದರೆ ಡ್ರಾಯಿಂಗಿನಲ್ಲಿ R30 ಎಂದಿರುತ್ತಿತ್ತು. 60ನ್ನೇ ತ್ರಿಜ್ಯವೆಂದು ಹಾಕಿದರೆ ತೂತು ನಾಲ್ಕು ಪಟ್ಟು ದೊಡ್ಡದಾಗುತ್ತದೆ. ತಪ್ಪನ್ನು ಸ್ಕೆಚ್ಚೇ ಹಿಡಿದುಕೊಡುತ್ತದೆ, ಕೇಳಿದರೆ: ತೂತಿನ ಕೇಂದ್ರದಿಂದ ಬಲ ಅಂಚಿಗೆ ಇರುವುದೇ 50, ಅಂದಮೇಲೆ 60ರ ತ್ರಿಜ್ಯದ ವೃತ್ತ ತಗಡಿನೊಳಗೆ ಹಿಡಿಯುವುದಾದರೂ ಹೇಗೆ? ತ್ರಿಜ್ಯ 30 ಆದಾಗ ಬಲಕ್ಕೆ 20, ಮೇಲಕ್ಕೆ 15 ಮಿಲಿಮೀಟರ್ ಲೋಹ ಉಳಿಯುತ್ತದೆ. ಈ ಎರಡು ಕಳೆಯುವ ಲೆಕ್ಕಕ್ಕೆ ಅರ್ಧ ನಿಮಿಷವೂ ಬೇಡ.

2. ಕಳೆಯುವುದು ಕಷ್ಟವೆನಿಸಿದರೆ ಕೂಡಿ ನೋಡಿ

‘ಋಣ ದ್ರವ್ಯರಾಶಿ’ ಎಂದ ತಕ್ಷಣ ಹಿಂದಿನ ಬೆಂಚಿನಿಂದ ಒಬ್ಬನಾದರೂ ಕೇಳುತ್ತಾನೆ, “ಸರ್, ತೂಕ ಮೈನಸ್ ಹೇಗಾಗುತ್ತೆ?” ನ್ಯಾಯವಾದ ಪ್ರಶ್ನೆ. ಮೈನಸ್ ತೂಕದ ವಸ್ತು ಎಲ್ಲೂ ಇಲ್ಲ. ಕತ್ತರಿಸಿ ತೆಗೆದ ಬಿಲ್ಲೆಯನ್ನು ವಾಪಸ್ ತೂತಿನಲ್ಲಿ ಕೂರಿಸಿದ್ದೇವೆ ಎಂದುಕೊಳ್ಳಿ. ಆಗ ಇರುವುದು ಇಡೀ ತಗಡು, ಅದರ ಕೇಂದ್ರ ನಟ್ಟನಡುವೆ (100, 60). ಇಡೀ ತಗಡಿನ ಮೊಮೆಂಟು ಎಂದರೆ ಉಳಿದ ಭಾಗದ ಮೊಮೆಂಟು ಮತ್ತು ಬಿಲ್ಲೆಯ ಮೊಮೆಂಟು, ಎರಡೂ ಸೇರಿದ್ದು. ಬಿಲ್ಲೆಯದನ್ನು ಸಮೀಕರಣದ ಆಚೆ ಬದಿಗೆ ಸಾಗಿಸಿದಾಗ ಬರುವ ಮೈನಸ್ಸೇ ಆ ಮೈನಸ್ಸು. ಹೀಗೆ ಹೇಳಿದ ಮೇಲೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ದಪ್ಪವೂ ಸಾಂದ್ರತೆಯೂ ಎರಡೂ ಕಡೆ ಒಂದೇ ಆದ್ದರಿಂದ ಹೊಡೆದುಹೋಗುತ್ತವೆ, ವಿಸ್ತೀರ್ಣವೊಂದೇ ಸಾಕು. ಇಡೀ ತಗಡು 200 × 120 = 24000 ಚದರ ಮಿ.ಮೀ. ಬಿಲ್ಲೆ π × 30² = 2827.4. ಉಳಿದದ್ದು 21172.6.

x = (24000 × 100 − 2827.4 × 150) / 21172.6 = 93.3

y = (24000 × 60 − 2827.4 × 75) / 21172.6 = 58.0

ಎಡ ಕೆಳಮೂಲೆಯಿಂದ 93.3 ಮಿ.ಮೀ. ಬಲಕ್ಕೆ, 58.0 ಮಿ.ಮೀ. ಮೇಲಕ್ಕೆ. ಲೆಕ್ಕ ಮುಗಿಯಿತು, ಆದರೆ ಉತ್ತರ ಸರಿಯೇ ಎಂಬುದು ಈ ಅಂಕಿಗಳನ್ನು ನೋಡಿದರೆ ತಿಳಿಯುವುದಿಲ್ಲ. ಅದಕ್ಕೆ ಮುಂದಿನ ಪಾಠ.

3. ಮೂಲಬಿಂದುವನ್ನು ಮೂಲೆಯಿಂದ ತಗಡಿನ ನಡುವಿಗೆ ತನ್ನಿ

ನನಗೆ ಹೆಚ್ಚು ಇಷ್ಟವಾದ ದಾರಿ ಇದು. ಇಡೀ ತಗಡಿನ ಕೇಂದ್ರವನ್ನೇ ಮೂಲಬಿಂದು ಮಾಡಿಕೊಂಡರೆ ಅದರ ಮೊಮೆಂಟು ಸೊನ್ನೆ. ತೂತಿನ ಕೇಂದ್ರ ಅಲ್ಲಿಂದ ಬಲಕ್ಕೆ 50, ಮೇಲಕ್ಕೆ 15. ಉಳಿಯುವುದು ಒಂದೇ ಮಾತು: ಕೇಂದ್ರ ಎಷ್ಟು ಜರುಗಿತು?

ಜರುಗಿದ ದೂರ = ತೂತಿನ ದೂರ × (ತೂತಿನ ವಿಸ್ತೀರ್ಣ / ಉಳಿದ ವಿಸ್ತೀರ್ಣ)

ಆ ಅನುಪಾತ 2827.4 / 21172.6, ಅಂದರೆ 0.1335. ಅಡ್ಡಕ್ಕೆ 50 × 0.1335 = 6.68, ಎತ್ತರದಲ್ಲಿ 15 × 0.1335 = 2.00. ಜರುಗುವುದು ತೂತಿಗೆ ವಿರುದ್ಧ ದಿಕ್ಕಿಗೆ, ಎಡಕ್ಕೆ ಮತ್ತು ಕೆಳಕ್ಕೆ. 100 − 6.68 = 93.3, 60 − 2.00 = 58.0. ಮೊದಲಿನ ಉತ್ತರವೇ ಬಂತು, ಆದರೆ ಈ ಸಲ ಕಣ್ಣಿಗೆ ಕಾಣುವಂತೆ ಬಂತು. ತೂತಿನ ಕೇಂದ್ರ, ತಗಡಿನ ಹಳೆಯ ಕೇಂದ್ರ, ಹೊಸ ಕೇಂದ್ರ, ಮೂರೂ ಒಂದೇ ಗೆರೆಯ ಮೇಲಿವೆ. 50ಕ್ಕೆ 15 ಹೇಗೋ 6.68ಕ್ಕೆ 2.00 ಹಾಗೆ, ಎರಡೂ 0.3. ಈ ಅನುಪಾತ ಕೂಡದಿದ್ದರೆ x, y ಎರಡರಲ್ಲಿ ಒಂದು ತಪ್ಪಾಗಿದೆ ಎಂದೇ ಅರ್ಥ.

ಇದು ನಮ್ಮ ಪಠ್ಯಪುಸ್ತಕಗಳು ಕಂಡುಹಿಡಿದದ್ದಲ್ಲ. ಆರ್ಕಿಮಿಡೀಸ್ ಸಮತಲಗಳ ಸಮತೋಲದ ಬಗ್ಗೆ ಬರೆದ ಗ್ರಂಥದ ಮೊದಲ ಭಾಗದಲ್ಲಿ, ಎಂಟನೆಯ ಪ್ರಮೇಯವಾಗಿ ಇದೇ ಇದೆ: ಒಂದು ಭಾಗವನ್ನು ತೆಗೆದರೆ ಉಳಿದದ್ದರ ಕೇಂದ್ರವು ತೆಗೆದ ಭಾಗದ ಕೇಂದ್ರ ಮತ್ತು ಇಡಿಯ ಕೇಂದ್ರವನ್ನು ಸೇರಿಸುವ ಗೆರೆಯನ್ನು ಮುಂದಕ್ಕೆ ಎಳೆದಾಗ ಅದರ ಮೇಲೆ ಸಿಗುತ್ತದೆ. ಅವನು ಮೈನಸ್ ಚಿಹ್ನೆಯನ್ನೇ ಬಳಸಲಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮ ಉಂಟು. ಅನುಪಾತದ ಕೆಳಗಿರುವುದು ಉಳಿದ ವಿಸ್ತೀರ್ಣ, ಇಡೀ ವಿಸ್ತೀರ್ಣವಲ್ಲ. ಹಾಗಾಗಿ ತೂತು ದೊಡ್ಡದಾದಷ್ಟೂ ಕೇಂದ್ರ ಇನ್ನೂ ಬೇಗ ಓಡುತ್ತದೆ. ತೂತನ್ನು ಅದೇ ಜಾಗದಲ್ಲಿ ø80ಕ್ಕೆ ಹಿಗ್ಗಿಸಿ ನೋಡಿ. ವಿಸ್ತೀರ್ಣ ಹೆಚ್ಚುವುದು 1.78 ಪಟ್ಟು. ಕೇಂದ್ರ ಅಡ್ಡಕ್ಕೆ ಜರುಗುವುದು 13.2 ಮಿ.ಮೀ., ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು.

4. ತಪ್ಪು ಉತ್ತರಗಳಿಗೂ ಮುಖಗಳಿವೆ

ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದರೆ ಅಂಕಿ ನೋಡಿದೊಡನೆ ತಪ್ಪು ಎಲ್ಲಾಗಿದೆ ಎಂದು ಹೇಳಬಹುದು. ಈ ಸ್ಕೆಚ್ಚಿಗೆ x = 106.7 ಎಂದು ಬಂದಿದ್ದರೆ ತೂತಿನ 50ನ್ನು ಎಡ ಅಂಚಿನಿಂದ ಅಳೆದಿದ್ದಾರೆ. 105.3 ಎಂದಿದ್ದರೆ ಕಳೆಯುವ ಬದಲು ಕೂಡಿದ್ದಾರೆ. ಎರಡರಲ್ಲೂ ಕೇಂದ್ರ ತೂತಿನ ಕಡೆಗೇ ಜರುಗಿದೆ. ಲೋಹ ತೆಗೆದ ಕಡೆಗೆ ತೂಕ ವಾಲುವುದುಂಟೇ? 55.4 ಬಂದರೆ ವ್ಯಾಸವನ್ನು ತ್ರಿಜ್ಯವೆಂದುಕೊಂಡಿದ್ದಾರೆ.

ಎಲ್ಲಕ್ಕಿಂತ ಮೋಸದ್ದು 82.3. ಮೇಲಿನ ಸಾಲನ್ನು ಸರಿಯಾಗಿ ಕಳೆದು, ಕೆಳಗೆ ಮಾತ್ರ 24000 ಉಳಿಸಿಕೊಂಡದ್ದು. ಕೇಂದ್ರ ಎಡಕ್ಕೇ ಜರುಗಿದೆ, ಹಾಗಾಗಿ ದಿಕ್ಕು ನೋಡಿದರೆ ಅನುಮಾನ ಬರುವುದಿಲ್ಲ. ಇದನ್ನು ಹಿಡಿಯಲು ತೂತನ್ನು ಮನಸ್ಸಿನಲ್ಲೇ ತಗಡಿನ ನಟ್ಟನಡುವೆ ಇಡಬೇಕು. ಆಗ ಕೇಂದ್ರ ಅಲುಗಬಾರದು, 100ರಲ್ಲೇ ಇರಬೇಕು. ಇಡೀ ವಿಸ್ತೀರ್ಣದಿಂದ ಭಾಗಿಸುವವನಿಗೆ ಆಗಲೂ 88.2 ಬರುತ್ತದೆ. ವಿಧಾನವೇ ತಪ್ಪೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಿಯುಸಿ ಮುಗಿಸಿ ಬಂದವರಲ್ಲಿ ಬೇರೆ ಒಂದು ರೋಗವಿದೆ. R ತ್ರಿಜ್ಯದ ವೃತ್ತಾಕಾರದ ಫಲಕದಲ್ಲಿ R/2 ತ್ರಿಜ್ಯದ ತೂತು, ಅದರ ಕೇಂದ್ರ ಫಲಕದ ಕೇಂದ್ರದಿಂದ R/2 ದೂರದಲ್ಲಿ, ಉತ್ತರ R/6. ಇದು ಬಾಯಿಪಾಠವಾಗಿರುತ್ತದೆ. ಅಲ್ಲಿ ತೂತಿನ ಮತ್ತು ಉಳಿದ ಭಾಗದ ಅನುಪಾತ 1/3, ದೂರ R/2, ಆದ್ದರಿಂದ R/6. π ಎರಡೂ ಕಡೆ ಇರುವುದರಿಂದ ಹೊಡೆದುಹೋಗುತ್ತದೆ. ಆಯತದಲ್ಲಿ π ಒಂದೇ ಕಡೆ ಇದೆ, ಹೊಡೆದುಹೋಗುವುದಿಲ್ಲ. ಅಲ್ಲಿನ ಆರನೇ ಒಂದು ಇಲ್ಲಿ ಕೆಲಸಕ್ಕೆ ಬಾರದು.

5. ರಟ್ಟಿನಲ್ಲಿ ಕತ್ತರಿಸಿ ತೂಗುಹಾಕಿ

ಪೂರ್ತಿ ಅಳತೆಗೆ ದಪ್ಪ ರಟ್ಟು ಕತ್ತರಿಸಿ, ಒಂದು ಮೂಲೆಯ ಹತ್ತಿರ ಗುಂಡುಪಿನ್ನಿನಲ್ಲಿ ತೂಗುಹಾಕಿ, ಅದೇ ಪಿನ್ನಿನಿಂದ ನಟ್ಟು ಕಟ್ಟಿದ ದಾರ ಇಳಿಬಿಟ್ಟು ಗೆರೆ ಎಳೆಯುವುದು ಎಲ್ಲರಿಗೂ ಗೊತ್ತಿರುವ ಪ್ರಯೋಗ. ಮೂರು ಗೆರೆ ಎಳೆದರೆ ನಡುವೆ ಚಿಕ್ಕ ತ್ರಿಕೋನ ಬರುತ್ತದೆ. ಅದು ದೊಡ್ಡದಾಗಿದ್ದರೆ ಪಿನ್ನಿನ ರಂಧ್ರ ಬಿಗಿಯಾಗಿದೆ, ರಟ್ಟು ಸಲೀಸಾಗಿ ಆಡುತ್ತಿಲ್ಲ. ಗೆರೆಗಳು ಲಂಬಕ್ಕೆ ಹತ್ತಿರವಾಗಿ ಅಡ್ಡಹಾಯುವಂತೆ ಪಿನ್ನಿನ ಜಾಗ ಆರಿಸಬೇಕು. ಎರಡು ಗೆರೆ ಒಂದರ ಪಕ್ಕ ಒಂದು ಓಡಿದರೆ ಅವು ಸೇರುವ ಬಿಂದುವನ್ನು ನಂಬುವಂತಿಲ್ಲ.

ಆದರೆ ಈ ತಗಡಿನಲ್ಲಿ ಕೇಂದ್ರ ಕೆಳಗಿಳಿದಿರುವುದು ಎರಡೇ ಮಿಲಿಮೀಟರ್. ಪೆನ್ಸಿಲ್ ಗೆರೆಯ ದಪ್ಪ, ಕತ್ತರಿಯ ತಪ್ಪು ಇವುಗಳ ನಡುವೆ ಅದು ಕಳೆದುಹೋಗಬಹುದು. ಅಡ್ಡಕ್ಕೆ ಜರುಗಿದ್ದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಮೇಲಂಚಿನ ನಡುಬಿಂದುವಿನಿಂದ 5 ಮಿ.ಮೀ. ಕೆಳಗೆ ಪಿನ್ ಹಾಕಿ. ಅಲ್ಲಿಂದ ಕೇಂದ್ರ 57 ಕೆಳಗೆ, 6.68 ಎಡಕ್ಕೆ ಇದೆ. ಕೇಂದ್ರ ಪಿನ್ನಿನ ನೇರ ಕೆಳಗೆ ಬರುವವರೆಗೆ ರಟ್ಟು ತಿರುಗುತ್ತದೆ, ಸುಮಾರು 6.7 ಡಿಗ್ರಿ. ತೂತಿರುವ ಬಲ ತುದಿ ಎಡ ತುದಿಗಿಂತ ಸುಮಾರು 23 ಮಿ.ಮೀ. ಮೇಲೇಳುತ್ತದೆ. ಕಣ್ಣಿಗೆ ಕಾಣದ ಆರೇಳು ಮಿಲಿಮೀಟರನ್ನು ಸ್ಕೇಲಿನಲ್ಲಿ ಅಳೆಯುವಷ್ಟು ದೊಡ್ಡದು ಮಾಡುವುದು ಹೀಗೆ.

ತೂತು ನಡುವಿನ ಹತ್ತಿರವೇ ಇದ್ದರೆ ಕೇಂದ್ರ ತೂತಿನೊಳಗೇ ಬೀಳುತ್ತದೆ. ಇದೇ ø60ರ ತೂತು ನಡುವಿನಿಂದ 20 ಮಿ.ಮೀ. ಮಾತ್ರ ಬಲಕ್ಕಿದ್ದರೆ ಹೊಸ ಕೇಂದ್ರ ತೂತಿನ ಕೇಂದ್ರದಿಂದ 22.7 ದೂರದಲ್ಲಿರುತ್ತದೆ, ತ್ರಿಜ್ಯ 30ಕ್ಕಿಂತ ಕಡಿಮೆ. ಅಲ್ಲಿ ಲೋಹವಿಲ್ಲ, ಕೇಂದ್ರವಿದೆ. ಹುಡುಗರು ಇದನ್ನು ತಪ್ಪೆಂದು ಅಳಿಸಿಹಾಕುತ್ತಾರೆ, ಅಳಿಸಬೇಕಾಗಿಲ್ಲ. ತೂತಿನ ಮೇಲೆ ತೆಳ್ಳನೆಯ ಕಾಗದ ಅಂಟಿಸಿ ಗೆರೆ ಎಳೆದರೆ ಬಿಂದು ಅದರ ಮೇಲೆ ಸಿಗುತ್ತದೆ.

6. ತೂತು ಆರಪಾರವಿದೆಯೇ ಎಂದು ಕೇಳಿಕೊಳ್ಳಿ

ಮೇಲಿನ ಲೆಕ್ಕವೆಲ್ಲ ವಿಸ್ತೀರ್ಣದಲ್ಲಿ ನಡೆದದ್ದು ತೂತು ತಗಡಿನ ಪೂರ್ತಿ ದಪ್ಪವನ್ನು ಹಾದುಹೋಗುತ್ತದೆ ಎಂಬ ನಂಬಿಕೆಯ ಮೇಲೆ. ತಗಡಿನ ದಪ್ಪ 10, ತೂತಿನ ಆಳ 6 ಎಂದು ಡ್ರಾಯಿಂಗಿನ ಮೂಲೆಯಲ್ಲಿ ಬರೆದಿದ್ದರೆ ವಿಸ್ತೀರ್ಣ ಬಿಟ್ಟು ಘನಗಾತ್ರಕ್ಕೆ ಹೋಗಬೇಕು. ತೆಗೆದದ್ದು 2827.4 × 6 = 16965 ಘನ ಮಿ.ಮೀ., ಉಳಿದದ್ದು 240000ದಲ್ಲಿ ಅದನ್ನು ಕಳೆದ 223035. ಅಡ್ಡಕ್ಕೆ ಜರುಗುವುದು 6.68 ಅಲ್ಲ, 3.80. ಜೊತೆಗೆ ದಪ್ಪದ ದಿಕ್ಕಿನಲ್ಲೂ ಕೇಂದ್ರ ಅಲುಗುತ್ತದೆ: ತೆಗೆದ ಲೋಹದ ಕೇಂದ್ರ ದಪ್ಪದ ನಡುವಿಗಿಂತ 2 ಮಿ.ಮೀ. ಮೇಲಿತ್ತು, ಆದ್ದರಿಂದ ಉಳಿದ ತಗಡಿನ ಕೇಂದ್ರ 0.15 ಮಿ.ಮೀ. ಕೆಳಗಿಳಿಯುತ್ತದೆ. ತೂತಿಗೆ ಹಿತ್ತಾಳೆಯ ಬುಷ್ ಹೊಡೆದಿದ್ದರೆ ಸಾಂದ್ರತೆಯೂ ಹೊಡೆದುಹೋಗುವುದಿಲ್ಲ. ಆಗ ಒಂದೊಂದು ಭಾಗದ ದ್ರವ್ಯರಾಶಿಯನ್ನೇ ಬರೆದುಕೊಂಡು ಲೆಕ್ಕ ಹಿಡಿಯಬೇಕು, ಅಡ್ಡದಾರಿಯಿಲ್ಲ.