ತುದಿಗಳೆರಡರ ಪ್ರತ್ಯೇಕ ವಿಚಾರಣೆ



ತಾವು ಕಳುಹಿಸಿದ ಛಾಯಾಚಿತ್ರದಲ್ಲಿರುವ ಘಾತಶ್ರೇಣಿಯನ್ನು, n = 1 ಮೊದಲ್ಗೊಂಡು, Σ (x−2)ⁿ/(n·3ⁿ) ಎಂದು ಓದಿಕೊಂಡಿದ್ದೇನೆ. ಅನುಕ್ರಮ ಪದಗಳ ಅನುಪಾತವು, ಚಿಹ್ನೆಯನ್ನು ಬಿಟ್ಟರೆ, |x−2|/3 ಎಂಬ ಸೀಮೆಯನ್ನು ಸೇರುವುದರಿಂದ ಅಭಿಸರಣ ತ್ರಿಜ್ಯವು 3 ಎಂಬ ತಮ್ಮ ಉತ್ತರವು ಸರಿಯಾದುದೇ; ಆದರೆ x = 5, x = −1 ಎಂಬ ತುದಿಗಳಲ್ಲಿ ಆ ಸೀಮೆಯು 1 ಆಗಿ ಅನುಪಾತಪರೀಕ್ಷೆಯು ಏನನ್ನೂ ನಿರ್ಣಯಿಸಲಾರದಾದ್ದರಿಂದ, ಎರಡನ್ನೂ ಒಟ್ಟಿಗೆ ಕೈಬಿಟ್ಟದ್ದು ತಪ್ಪು. x = 5 ಆದಾಗ ಉಳಿಯುವ Σ 1/n ಎಂಬ ಹರಾತ್ಮಕ ಶ್ರೇಣಿಯು ಅಪಸರಿಸುತ್ತದೆ; x = −1 ಆದಾಗ ಉಳಿಯುವ Σ (−1)ⁿ/n ಎಂಬುದು, ಪದಗಳು ಚಿಹ್ನೆ ಬದಲಿಸುತ್ತ, ಗಾತ್ರದಲ್ಲಿ ಕುಗ್ಗುತ್ತ ಶೂನ್ಯದತ್ತ ಸಾಗುವುದರಿಂದ, ಲೈಬ್ನಿಟ್ಸನ ಪರೀಕ್ಷೆಯಂತೆ ಅಭಿಸರಿಸುತ್ತದೆ. ಆದುದರಿಂದ ಅಂತರಾಳವು −1 ≤ x < 5. ಚಿತ್ರದಲ್ಲಿ ಛೇದದ n ಮಸುಕಾಗಿದೆ. ಅದು n² ಆಗಿದ್ದಲ್ಲಿ ತ್ರಿಜ್ಯವು ಬದಲಾಗದು, ಆದರೆ ತುದಿಗಳೆರಡೂ ಸೇರುವುವು. ಮೂಲಪುಸ್ತಕವನ್ನು ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿರಿ.